ಕೆಡವದೆ ಬೆಳೆಸಿದ ಗೋಪುರ: ಸಿಡ್ನಿಯ ಕ್ವೇ ಕ್ವಾರ್ಟರ್ ಟವರ್

ಸಿಡ್ನಿ ಬಂದರಿನ ದಂಡೆಯಲ್ಲಿ, ಬ್ರಿಡ್ಜ್ ಸ್ಟ್ರೀಟ್‌ನ 50ನೇ ನಂಬರಿನಲ್ಲಿ, 1976ರಲ್ಲಿ ಎಎಂಪಿ ಸೆಂಟರ್ ಎಂಬ ಕಚೇರಿ ಕಟ್ಟಡ ಎದ್ದಿತು. ಎತ್ತರ 188 ಮೀಟರ್. ಆಗ ಆ ಊರಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಅದು ಬಾಡಿಗೆದಾರರಿಗೆ ಬೇಡವಾಗತೊಡಗಿತು. ಮಹಡಿಗಳು ಇಕ್ಕಟ್ಟು, ಹೊರಗೋಡೆ ಹಳೆಯದು, ಎಸಿ ವ್ಯವಸ್ಥೆಯೂ ಆಯುಸ್ಸು ಮುಗಿಸಿತ್ತು. ಹೀಗಾದಾಗ ಯಾವ ನಗರದಲ್ಲಾದರೂ ಮಾಲೀಕರು ಸಾಮಾನ್ಯವಾಗಿ ಕೈಗೊಳ್ಳುವ ನಿರ್ಧಾರ ಒಂದೇ: ನೆಲಸಮ ಮಾಡಿ ಹೊಸದು ಕಟ್ಟುವುದು. ಇಲ್ಲಿ ಹಾಗಾಗಲಿಲ್ಲ. ಡೆನ್ಮಾರ್ಕಿನ 3ಎಕ್ಸ್‌ಎನ್ ಸಂಸ್ಥೆಯ ವಿನ್ಯಾಸದಂತೆ ಹಳೆಯ ಕಂಬ, ತೊಲೆ, ಸ್ಲ್ಯಾಬುಗಳಲ್ಲಿ ಸುಮಾರು ಶೇ. 65 ಭಾಗವನ್ನೂ, ಲಿಫ್ಟ್ ಮತ್ತು ಮೆಟ್ಟಿಲುಗಳನ್ನು ಸುತ್ತುವರಿದ ನಡುವಿನ ಕಾಂಕ್ರೀಟ್ ಗೋಡೆಗಳಲ್ಲಿ, ಅಂದರೆ ಕೋರ್‌ನಲ್ಲಿ, ಸುಮಾರು ಶೇ. 95 ಭಾಗವನ್ನೂ ಹಾಗೇ ಉಳಿಸಿಕೊಂಡು, ಉತ್ತರದ ಬದಿಯನ್ನು ಮಾತ್ರ ತೆಗೆದು, ಅಲ್ಲಿ ಇನ್ನೂ ಅಗಲವಾದ ಹೊಸ ಮಹಡಿಗಳನ್ನು ಬೆಸೆಯಲಾಯಿತು. 2022ರಲ್ಲಿ ಮುಗಿದ ಕಟ್ಟಡಕ್ಕೆ ಕ್ವೇ ಕ್ವಾರ್ಟರ್ ಟವರ್ ಎಂದು ಹೆಸರು. ಮೊದಲು 4,500 ಜನ ಕೆಲಸ ಮಾಡುತ್ತಿದ್ದ ಜಾಗದಲ್ಲಿ ಈಗ 9,000 ಜನರಿಗೆ ಸ್ಥಳವಿದೆ. ಇಷ್ಟೇ ದೊಡ್ಡದನ್ನು ಪೂರ್ತಿ ಹೊಸದಾಗಿ ಕಟ್ಟಿದ್ದರೆ ಆಗುತ್ತಿದ್ದುದಕ್ಕೆ ಹೋಲಿಸಿದರೆ ಉಳಿದ ಇಂಗಾಲ ಸುಮಾರು 12,000 ಟನ್ ಎಂದು ಯೋಜನೆಯವರ ಲೆಕ್ಕ.

ಈ 12,000 ಎಲ್ಲಿಂದ ಬಂತು, ಅದನ್ನು ಪಡೆಯಲು ಎಂಜಿನಿಯರುಗಳು ಯಾವ ತೊಡಕು ಬಿಡಿಸಬೇಕಾಯಿತು, ಅದು ಎಲ್ಲಿಯವರೆಗೆ ನಂಬಲು ಯೋಗ್ಯ ಎಂಬುದನ್ನು ಇಲ್ಲಿ ಬಿಡಿಸಿ ನೋಡಿದ್ದೇವೆ.

ಒಂದು ಚದರ ಮೀಟರ್ ನೆಲದಲ್ಲಿ ಹುದುಗಿದ್ದು

ಕಟ್ಟಡದ ಇಂಗಾಲದಲ್ಲಿ, ಅಂದರೆ ಅದಕ್ಕಾಗಿ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ, ಎರಡು ಬಗೆ. ದೀಪ, ಎಸಿ, ಲಿಫ್ಟ್ ಓಡಿಸಲು ವರ್ಷವರ್ಷವೂ ಹೋಗುವುದು ಬಳಕೆಯ ಇಂಗಾಲ. ಸಿಮೆಂಟು ಸುಡುವಾಗ, ಕಬ್ಬಿಣ ಕರಗಿಸುವಾಗ, ಸಾಗಿಸುವಾಗ, ಕಟ್ಟುವಾಗ ಒಮ್ಮೆಗೇ ಗಾಳಿಗೆ ಸೇರಿಬಿಟ್ಟದ್ದು ಎಂಬಾಡಿಡ್ ಕಾರ್ಬನ್; ಕನ್ನಡದಲ್ಲಿ ಹುದುಗಿದ ಇಂಗಾಲ ಎನ್ನೋಣ. ಸಿಮೆಂಟಿನಲ್ಲಿ ಇದು ಬರಿಯ ಇಂಧನದ ಮಾತಲ್ಲ. ಸುಣ್ಣದ ಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೇ ಹೊರಬರುತ್ತದೆ. ಒಂದು ಟನ್ ಕ್ಲಿಂಕರ್‌ಗೆ, ಅಂದರೆ ಅರೆದು ಸಿಮೆಂಟು ಮಾಡುವ ಸುಟ್ಟ ಉಂಡೆಗಳಿಗೆ, ಸುಮಾರು ಅರ್ಧ ಟನ್ ಹೀಗೆ ಹೋಗುತ್ತದೆ, ಕುಲುಮೆಗೆ ಸೌರಶಕ್ತಿಯನ್ನೇ ಕೊಟ್ಟರೂ ಅದು ತಪ್ಪುವುದಿಲ್ಲ.

ಎತ್ತರದ ಕಾಂಕ್ರೀಟ್ ಕಟ್ಟಡದಲ್ಲಿ ಸ್ಲ್ಯಾಬು, ಕಂಬ, ಕೋರ್ ಎಲ್ಲ ಸೇರಿಸಿ ಒಂದು ಚದರ ಮೀಟರ್ ನೆಲಕ್ಕೆ ಸುಮಾರು ಅರ್ಧ ಘನ ಮೀಟರ್ ಕಾಂಕ್ರೀಟ್ ಬೇಕಾಗುತ್ತದೆ ಎಂದು ಹಿಡಿಯಿರಿ. ಘನ ಮೀಟರಿಗೆ 300 ಕಿಲೋ ಇಂಗಾಲ ಎಂದರೆ 150 ಕಿಲೋ ಆಯಿತು. ಅದರೊಳಗೆ 60 ಕಿಲೋ ಕಬ್ಬಿಣದ ಸರಳು, ಕಿಲೋ ಸರಳಿಗೆ ಸುಮಾರು 2 ಕಿಲೋ ಇಂಗಾಲ: ಇನ್ನೊಂದು 120 ಕಿಲೋ. ಒಟ್ಟು 270. ತಳಪಾಯ, ಸೆಂಟ್ರಿಂಗ್, ಸಾಗಣೆ, ಹಳೆಯದನ್ನು ಒಡೆದು ಸಾಗಹಾಕುವ ಖರ್ಚು ಸೇರಿದರೆ 300ರಿಂದ 400 ಕಿಲೋ.

ಹಳೆಯ ಕಟ್ಟಡದ ವಿಸ್ತಾರ ಸುಮಾರು 45,000 ಚದರ ಮೀಟರ್. ಅದರಲ್ಲಿ ಶೇ. 65 ಎಂದರೆ 29,000ಕ್ಕೆ ಸ್ವಲ್ಪ ಹೆಚ್ಚು. ಅದನ್ನು 300ರಿಂದ ಗುಣಿಸಿದರೆ ಸುಮಾರು 8,800 ಟನ್, 400ರಿಂದ ಗುಣಿಸಿದರೆ ಸುಮಾರು 11,700 ಟನ್. ಯೋಜನೆಯವರ ವಿವರವಾದ ಲೆಕ್ಕ ಈ ಒರಟು ಲೆಕ್ಕದ ಮೇಲಂಚಿಗಿಂತ ತುಸುವೇ ಹೆಚ್ಚಿದೆ. ಅಂದರೆ ಅದು ಉಬ್ಬಿಸಿದ ಸಂಖ್ಯೆಯಲ್ಲ. ಯಾರಾದರೂ ಇಂಥ ಉಳಿತಾಯ ಹೇಳಿದಾಗ ಹೀಗೆ ಚದರ ಮೀಟರಿಗೆ ಇಳಿಸಿ ನೋಡುವುದು ಒಳ್ಳೆಯ ಅಭ್ಯಾಸ. 1,000 ಕಿಲೋ ಬಂದರೆ ಎಲ್ಲೋ ತಪ್ಪಿದೆ, 50 ಬಂದರೆ ಏನನ್ನೋ ಬಿಟ್ಟಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು, ಉಳಿತಾಯವೆಲ್ಲ ಕಟ್ಟಡದ ಅಸ್ಥಿಪಂಜರದಲ್ಲೇ ಇದೆ. ಹೊಸ ಕಟ್ಟಡದಲ್ಲಿ ಸಾಮಾನ್ಯವಾಗಿ ಹುದುಗಿದ ಇಂಗಾಲದ ದೊಡ್ಡ ಪಾಲು ಇರುವುದೇ ಅಲ್ಲಿ. ಹಳೆಯ ಮುಖಭಾಗವನ್ನು ಮಾತ್ರ ನಿಲ್ಲಿಸಿಕೊಂಡು ಹಿಂದಿನದನ್ನೆಲ್ಲ ಕೆಡವುವ ಪದ್ಧತಿ ಪರಂಪರೆಯ ದೃಷ್ಟಿಯಿಂದ ಸರಿಯಿರಬಹುದು. ಇಂಗಾಲದ ದೃಷ್ಟಿಯಿಂದ ಅದು ಹೆಚ್ಚುಕಡಿಮೆ ಹೊಸ ಕಟ್ಟಡವೇ. ಕೆಡವಿದ ಕಾಂಕ್ರೀಟನ್ನು ಪುಡಿಮಾಡಿ ಜಲ್ಲಿಯಾಗಿ ಬಳಸುವುದಕ್ಕೂ ಇದೇ ಮಾತು. ಜಲ್ಲಿಗೆ ಇಂಗಾಲ ತೀರ ಕಡಿಮೆ, ಇರುವುದು ಸಿಮೆಂಟಿನಲ್ಲಿ, ಮತ್ತು ಪುಡಿಯಾದ ಸಿಮೆಂಟು ಮತ್ತೆ ಸಿಮೆಂಟಾಗುವುದಿಲ್ಲ.

ಹಳೆಯ ಕಾಂಕ್ರೀಟು ಗಟ್ಟಿಯಿದೆಯೇ

ನಕ್ಷೆಗಳಿಲ್ಲದೆ ಇಂಥ ಕೆಲಸ ಮೊದಲಾಗುವುದೇ ಕಷ್ಟ. ನಕ್ಷೆ ಸಿಕ್ಕರೂ, ಬರೆದದ್ದನ್ನೇ ಕಟ್ಟಿದ್ದಾರೆ ಎಂದು ನಂಬುವಂತಿಲ್ಲ. ಆದ್ದರಿಂದ ಮೊದಲು ಕವರ್ ಮೀಟರ್ ಓಡಿಸಿ ಸರಳು ಎಲ್ಲೆಲ್ಲಿ, ಎಷ್ಟು ಆಳದಲ್ಲಿದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಸರಳನ್ನು ತಪ್ಪಿಸಿ, ಸುಮಾರು 100 ಮಿ.ಮೀ. ವ್ಯಾಸದ ಕಾಂಕ್ರೀಟಿನ ಉರುಳೆ ಕೊರೆದು ತೆಗೆದು, ಇದನ್ನೂ ಕೋರ್ ಎಂದೇ ಕರೆಯುತ್ತಾರೆ, ಪ್ರೆಸ್ಸಿನಲ್ಲಿ ಒಡೆದು ಶಕ್ತಿ ಅಳೆಯುತ್ತಾರೆ. ನಮ್ಮ ದೇಶದ ಕಾಂಕ್ರೀಟು ಸಂಹಿತೆ ಐಎಸ್ 456ರಲ್ಲಿ ಇದಕ್ಕೆ ಹೇಳಿರುವ ಮಾನದಂಡ: ಕನಿಷ್ಠ ಮೂರು ಕೋರ್‌ಗಳ ಸರಾಸರಿ, ಬೇಕಾದ ಘನ ಶಕ್ತಿಯ, ಅಂದರೆ ಕಾಂಕ್ರೀಟಿನ ಘನಾಕೃತಿಯ ತುಂಡು ತಾಳಬೇಕಾದ ಒತ್ತಡದ, ಶೇ. 85ಕ್ಕೆ ಕಡಿಮೆಯಿರಬಾರದು, ಯಾವ ಒಂದು ಕೋರೂ ಶೇ. 75ಕ್ಕಿಂತ ಕೆಳಗೆ ಹೋಗಬಾರದು. 1970ರ ದಶಕದ ಸಿಮೆಂಟನ್ನು ಇಂದಿನಷ್ಟು ನುಣ್ಣಗೆ ಅರೆಯುತ್ತಿರಲಿಲ್ಲ. ಅದು ನಿಧಾನವಾಗಿ, ವರ್ಷಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆ. ಹಾಗಾಗಿ ಒಳ್ಳೆಯ ಕೈಯಿಂದಾದ ಹಳೆಯ ಕಾಂಕ್ರೀಟು ನಕ್ಷೆಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಶಕ್ತಿ ತೋರಿಸುವುದು ಅಪರೂಪವಲ್ಲ.

ಆದರೆ ಕಟ್ಟಡದ ಆಯುಸ್ಸನ್ನು ಹೇಳುವುದು ಶಕ್ತಿಗಿಂತ ಹೆಚ್ಚಾಗಿ ಸರಳಿನ ಸ್ಥಿತಿ. ಕಾಂಕ್ರೀಟಿನ ಕ್ಷಾರಗುಣವೇ ಸರಳಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಮೇಲ್ಮೈಯಿಂದ ಒಳಗೆ ಇಳಿಯುತ್ತ ಆ ಕ್ಷಾರಗುಣವನ್ನು ತಿನ್ನುತ್ತದೆ. ಎಷ್ಟು ಒಳಗೆ ಬಂದಿದೆ ಎಂದು ಕಣ್ಣಾರೆ ನೋಡಬಹುದು. ಹೊಸದಾಗಿ ಒಡೆದ ಮುಖದ ಧೂಳು ಊದಿ, ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಒಳಭಾಗ ಕ್ಷಣದಲ್ಲಿ ಗಾಢ ಗುಲಾಬಿಯಾಗುತ್ತದೆ. ಹೊರ ಅಂಚಿನ ಒಂದು ಪಟ್ಟಿ ಮಾತ್ರ ಬೂದು ಬಣ್ಣದಲ್ಲೇ ಉಳಿಯುತ್ತದೆ. ಆ ಬೂದು ಪಟ್ಟಿಯನ್ನು ಸ್ಕೇಲಿನಿಂದ ಅಳೆಯುವುದು, ಸರಳಿನ ಮೇಲಿನ ಕಾಂಕ್ರೀಟಿನ ದಪ್ಪ, ಅಂದರೆ ಕವರ್ ಜೊತೆ ಹೋಲಿಸುವುದು, ಅಷ್ಟೇ ಪರೀಕ್ಷೆ. ಒಡೆದು ಒಂದು ದಿನ ಬಿಟ್ಟು ಸಿಂಪಡಿಸಿದರೆ ಅಥವಾ ಕೊರೆದ ಧೂಳು ಮೆತ್ತಿಕೊಂಡಿದ್ದರೆ ಉತ್ತರ ತಪ್ಪಾಗುತ್ತದೆ.

ಈ ಪಟ್ಟಿ ಕಾಲದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. 40 ವರ್ಷದಲ್ಲಿ 15 ಮಿ.ಮೀ. ಒಳಗೆ ಬಂದಿದ್ದರೆ, ಪರಿಸ್ಥಿತಿ ಬದಲಾಗದಿದ್ದಲ್ಲಿ, 30 ಮಿ.ಮೀ. ತಲುಪಲು ಒಟ್ಟು 160 ವರ್ಷ ಬೇಕು. ಕವರ್ 30 ಇದ್ದರೆ ನಿಶ್ಚಿಂತೆ. ನಮ್ಮಲ್ಲಿ 70–80ರ ದಶಕದ ಎಷ್ಟೋ ಮನೆಗಳ ಸ್ಲ್ಯಾಬಿನಡಿ ಕವರ್ ಕೇವಲ 10ರಿಂದ 15 ಮಿ.ಮೀ. ಇರುವುದರಿಂದಲೇ ತೇವ ಹೆಚ್ಚಿರುವ ಬಚ್ಚಲು ಕೋಣೆಯ ಚಾವಣಿಯಲ್ಲಿ ಮೊದಲು ಸರಳು ಕಾಣಿಸಿಕೊಳ್ಳುವುದು. ಕರಾವಳಿಯಲ್ಲಿ ಇದರ ಜೊತೆಗೆ ಉಪ್ಪಿನ ಕಾಟವೂ ಇದೆ. ಉಪ್ಪು ಇಳಿದ ಕಾಂಕ್ರೀಟು ಗುಲಾಬಿಯಾಗಿಯೇ ಕಾಣುತ್ತದೆ, ಒಳಗೆ ಸರಳನ್ನು ಮಾತ್ರ ತುಕ್ಕು ತಿನ್ನುತ್ತಿರುತ್ತದೆ. ಅಲ್ಲಿ ಬೇರೆಬೇರೆ ಆಳದ ಪುಡಿಯನ್ನು ಲ್ಯಾಬಿಗೆ ಕಳಿಸಿ ಕ್ಲೋರೈಡ್ ಅಳೆಸದೆ ಯಾವ ತೀರ್ಮಾನಕ್ಕೂ ಬರಬಾರದು.

ಹಳೆಯದು ಕುಗ್ಗಿ ಮುಗಿದಿದೆ, ಹೊಸದು ಕುಗ್ಗಬೇಕಿದೆ

ಕ್ವೇ ಕ್ವಾರ್ಟರ್‌ನ ನಿಜವಾದ ಸವಾಲು ಶಕ್ತಿಯದ್ದಲ್ಲ, ವಯಸ್ಸಿನ ಅಂತರದ್ದು. ಕಾಂಕ್ರೀಟು ಒಣಗುತ್ತ ಕುಗ್ಗುತ್ತದೆ. ಅದರ ಮೇಲೆ ಭಾರ ಬಿದ್ದಮೇಲೂ ವರ್ಷಗಟ್ಟಲೆ ನಿಧಾನವಾಗಿ ಅದುಮಿಕೊಳ್ಳುತ್ತ ಇರುತ್ತದೆ. ಇದನ್ನು ಕ್ರೀಪ್ ಎನ್ನುತ್ತಾರೆ. 1976ರ ಕೋರ್ ಮತ್ತು ಕಂಬಗಳಲ್ಲಿ ಇವೆರಡೂ ಹೆಚ್ಚುಕಡಿಮೆ ಮುಗಿದುಹೋಗಿದ್ದವು. ಅವುಗಳ ಪಕ್ಕಕ್ಕೇ ಬೆಸೆದ ಹೊಸ ಭಾಗದಲ್ಲಿ ಎಲ್ಲವೂ ಆಗಬೇಕಿತ್ತು.

ಎಷ್ಟು ಕುಗ್ಗಬಹುದು ಎಂಬುದಕ್ಕೆ ಒಂದು ಮಾದರಿ ಲೆಕ್ಕ. ಕಟ್ಟಿದ ಮೇಲೆ ಕ್ರೀಪ್ ಮತ್ತು ಕುಗ್ಗುವಿಕೆ ಸೇರಿ ಮೀಟರಿಗೆ 0.6 ಮಿ.ಮೀ. ಎಂದುಕೊಳ್ಳಿ. ಒಂದು ಮಹಡಿಯ ಕಂಬದಲ್ಲಿ ಅದು ಎರಡು ಮಿ.ಮೀ.ಗೆ ಸ್ವಲ್ಪ ಹೆಚ್ಚು, ಯಾರ ಕಣ್ಣಿಗೂ ಬೀಳದು. ಆದರೆ ಕಂಬ 100 ಮೀಟರ್ ಎತ್ತರವಿದ್ದರೆ ಕೂಡುತ್ತ ಕೂಡುತ್ತ 60 ಮಿ.ಮೀ. ಆಗುತ್ತದೆ. ಪ್ರತಿ ಮಹಡಿ ಹಾಕುವಾಗ ಮಟ್ಟ ಸರಿಪಡಿಸಿಕೊಂಡೇ ಹೋಗುವುದರಿಂದ ಅಷ್ಟೂ ಉಳಿಯುವುದಿಲ್ಲ, 40 ಉಳಿಯಿತು ಎನ್ನಿ. ಒಂದು ತುದಿ ಹಳೆಯ ಕಂಬದ ಮೇಲೆ, ಇನ್ನೊಂದು ತುದಿ ಹೊಸ ಕಂಬದ ಮೇಲೆ ಕೂತ 10 ಮೀಟರ್ ಉದ್ದದ ಮಹಡಿಯ ಒಂದು ಕಡೆ 40 ಮಿ.ಮೀ. ಇಳಿದರೆ ಇಳಿಜಾರು 250ಕ್ಕೆ 1. ಮೇಜಿನ ಮೇಲಿನ ಪೆನ್ಸಿಲ್ ಉರುಳುವ ಮಾತು ಬಿಡಿ. ಜೋಡಣೆಯಲ್ಲಿ ಸ್ಲ್ಯಾಬು ಸೀಳುತ್ತದೆ, ಗಾಜಿನ ಹೊರಗೋಡೆಯ ಚೌಕಟ್ಟುಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ, ಬಾಗಿಲುಗಳು ಸಿಕ್ಕಿಕೊಳ್ಳುತ್ತವೆ.

ಇದಕ್ಕಿಂತ ನವಿರಾದ ತೊಂದರೆ ಇನ್ನೊಂದಿದೆ. ಉತ್ತರದ ಹಳೆಯ ಭಾಗ ಕೆಡವಿದಾಗ ಕಟ್ಟಡದ ಆ ಬದಿಯ ಭಾರ ಇಳಿಯುತ್ತದೆ. ತಕ್ಕಡಿಯ ಒಂದು ತಟ್ಟೆ ಖಾಲಿಯಾದಂತೆ, ಗೋಪುರ ಕೂದಲೆಳೆಯಷ್ಟು ದಕ್ಷಿಣಕ್ಕೆ ವಾಲುತ್ತದೆ. ಹೊಸ, ಇನ್ನೂ ಭಾರವಾದ ಮಹಡಿಗಳು ಏರುತ್ತ ಹೋದಂತೆ ಅದು ಉತ್ತರಕ್ಕೆ ಮರಳಿ, ಅಲ್ಲಿಂದ ಮುಂದಕ್ಕೂ ಹೋಗುತ್ತದೆ. ಕಟ್ಟಿ ಮುಗಿದ ಮೇಲೂ ಹೊಸ ಭಾಗ ಕುಗ್ಗುತ್ತ ಹಳೆಯ ಕೋರನ್ನು ತನ್ನ ಕಡೆಗೆ ಎಳೆಯುತ್ತಿರುತ್ತದೆ. ಕೋರಿನೊಳಗೆ ಲಿಫ್ಟಿನ ಹಳಿಗಳಿವೆ. ಅವು ನೆಟ್ಟಗೆ ಇರಲೇಬೇಕು.

ಪರಿಹಾರ ಒಂದೇ ಅಲ್ಲ, ಹಲವನ್ನು ಒಟ್ಟಿಗೆ ಹಿಡಿಯಬೇಕು. ಒಂದೊಂದು ಹಂತ ಕಟ್ಟಿದಾಗ ಗೋಪುರ ಎಷ್ಟು ಸರಿಯಬೇಕು ಎಂದು ಕಂಪ್ಯೂಟರ್ ಮಾದರಿಯಲ್ಲಿ ಮೊದಲೇ ಲೆಕ್ಕ ಹಾಕಿಟ್ಟು, ಕಟ್ಟಡಕ್ಕೆ ಸೆನ್ಸರ್‌ಗಳನ್ನು ಅಂಟಿಸಿ ನಿಜವಾಗಿ ಎಷ್ಟು ಸರಿದಿದೆ ಎಂದು ಅಳೆಯುತ್ತ ಹೋಗುವುದು ಮೊದಲನೆಯದು. ಸಿಡ್ನಿಯಲ್ಲಿ ಹೀಗೇ ಮಾಡಿದರು. ಇನ್ನುಳಿದವು ಇಂಥ ಕೆಲಸಗಳಲ್ಲಿ ರೂಢಿಯಲ್ಲಿರುವ ಉಪಾಯಗಳು. ಹೊಸ ಕಂಬಗಳನ್ನು ಮುಂದೆ ಕುಗ್ಗುವಷ್ಟು ಎತ್ತರವಾಗಿಯೇ ಹಾಕುವುದು. ಕಡಿಮೆ ಕುಗ್ಗುವ ಮಿಶ್ರಣ ಬಳಸುವುದು. ಹಳೆಯದು ಹೊಸದು ಸೇರುವಲ್ಲಿ ಒಂದು ಪಟ್ಟಿಯಷ್ಟು ಜಾಗ ಖಾಲಿ ಬಿಟ್ಟು, ಹೊಸ ಭಾಗ ಬಹುಪಾಲು ಕುಗ್ಗಿದ ಮೇಲಷ್ಟೇ ಅಲ್ಲಿ ಕಾಂಕ್ರೀಟು ತುಂಬುವುದು. ಈ ಪಟ್ಟಿ ತುಂಬಲು ಅವಸರ ಮಾಡಿದಾಗಲೇ ಬಿರುಕು ಬರುವುದು. ಕಂತ್ರಾಟುದಾರರಿಗೆ ಆ ಪಟ್ಟಿ ತೆರೆದಿದ್ದಷ್ಟು ದಿನ ಕೆಳಗಿನ ಆಸರೆ ಕಂಬಗಳನ್ನು ತೆಗೆಯಲಾಗದು, ನೆಲದ ಕೆಲಸ ನಿಲ್ಲುತ್ತದೆ. ಹಾಗಾಗಿ ಒತ್ತಡ ಅಲ್ಲೇ ಬೀಳುತ್ತದೆ. ತುಂಬುವ ದಿನವನ್ನು ಕ್ಯಾಲೆಂಡರ್ ನೋಡಿ ಅಲ್ಲ, ಅಳತೆ ನೋಡಿ ನಿರ್ಧರಿಸಬೇಕು ಎಂದು ಟೆಂಡರಿನಲ್ಲೇ ಬರೆದಿಡುವುದು ಕ್ಷೇಮ.

ಇದೇ ತತ್ತ್ವ ಸಣ್ಣ ಪ್ರಮಾಣದಲ್ಲೂ ನಿಜ. ಬೆಂಗಳೂರಿನಲ್ಲಿ ಹಳೆಯ ಎರಡಂತಸ್ತಿನ ಮನೆಗೆ ಪಕ್ಕದಲ್ಲಿ ಎರಡು ಕೋಣೆ ಸೇರಿಸಿದಾಗ ಜೋಡಣೆಯುದ್ದಕ್ಕೂ ಬರುವ ನೆಟ್ಟನೆಯ ಬಿರುಕಿಗೆ ಕಾರಣ ಗಾರೆಯವರ ಕೈಗುಣವಲ್ಲ. ಹಳೆಯ ತಳಪಾಯದ ಮಣ್ಣು ಎಂದೋ ಕೂತು ಗಟ್ಟಿಯಾಗಿದೆ, ಹೊಸದರದ್ದು ಈಗ ಕೂರುತ್ತಿದೆ. ಅಲ್ಲಿ ಎರಡನ್ನೂ ಸರಳಿನಿಂದ ಬಿಗಿಯುವುದಕ್ಕಿಂತ 25 ಮಿ.ಮೀ. ಸಂದು ಬಿಟ್ಟು, ಮೇಲೆ ಮುಚ್ಚಳಪಟ್ಟಿ ಹಾಕುವುದು ಸರಿ.

ಹೊರಗೋಡೆ

ದಕ್ಷಿಣ ಗೋಲಾರ್ಧವಾದ್ದರಿಂದ ಸಿಡ್ನಿಯಲ್ಲಿ ಬಿಸಿಲು ಬೀಳುವುದು ಉತ್ತರದಿಂದ, ಬಂದರಿನ ನೋಟವೂ ಅದೇ ಕಡೆಗೆ. ಎಲ್ಲರೂ ಕೂರಲು ಬಯಸುವ ಬದಿಯೇ ಹೆಚ್ಚು ಕಾಯುವ ಬದಿ. ಹಾಗಾಗಿ ಹೊಸ ಗಾಜಿನ ಗೋಡೆಗೆ ಹೊರಗಿನಿಂದಲೇ ನೆರಳು ಕೊಡುವ ಚಾಚುಗಳನ್ನಿಟ್ಟಿದ್ದಾರೆ. ಬಿಸಿಲನ್ನು ಗಾಜಿನ ಹೊರಗೇ ತಡೆದರೆ ಎಸಿಯ ಹೊರೆ ಇಳಿಯುತ್ತದೆ. ಒಳಗಿನ ಪರದೆ ಮುಖ್ಯವಾಗಿ ಬೆಳಕನ್ನಷ್ಟೇ ತಡೆಯುತ್ತದೆ, ಶಾಖದ ಬಹುಪಾಲು ಆಗಲೇ ಒಳಗೆ ಬಂದಾಗಿರುತ್ತದೆ. ಆದರೆ ಗಾಜು ಮತ್ತು ಅಲ್ಯೂಮಿನಿಯಂ ಎರಡೂ ಇಂಗಾಲದಲ್ಲಿ ದುಬಾರಿ, ಕಲ್ಲಿದ್ದಲ ವಿದ್ಯುತ್ತಿನಲ್ಲಿ ತಯಾರಾದ ಅಲ್ಯೂಮಿನಿಯಂ ಅಂತೂ ಕಿಲೋಗೆ 15 ಕಿಲೋ ಇಂಗಾಲವನ್ನೂ ಮೀರಬಹುದು. ಅಸ್ಥಿಪಂಜರ ನೂರು ವರ್ಷ ಬಾಳಿದರೂ ಹೊರಗೋಡೆಯನ್ನು ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಬದಲಾಯಿಸಬೇಕಾಗುವುದರಿಂದ, ಹಳೆಯದನ್ನು ಉಳಿಸಿಕೊಳ್ಳುವ ಯೋಜನೆಯಲ್ಲಿ ಮುಂದಿನ ಖರ್ಚಿನ ದೊಡ್ಡ ಪಾಲು ಇಲ್ಲೇ ಇರುತ್ತದೆ. ಬಿಡಿಭಾಗಗಳನ್ನು ಅಂಟಿನ ಬದಲು ಬೋಲ್ಟಿನಲ್ಲಿ ಕೂರಿಸಿದರೆ ಆ ದಿನ ಬಿಚ್ಚಿ ಮತ್ತೆ ಬಳಸಬಹುದು.

ಹೊಸದು ಕರೆಂಟು ಕಡಿಮೆ ಸುಡುತ್ತದಲ್ಲವೇ?

ಕೆಡವುವವರ ಕಡೆಯ ಬಲವಾದ ವಾದ ಇದು, ಅದಕ್ಕೆ ಲೆಕ್ಕದಲ್ಲೇ ಉತ್ತರ ಹೇಳಬೇಕು. ಪೂರ್ತಿ ಹೊಸ ಕಟ್ಟಡ ವರ್ಷಕ್ಕೆ ಚದರ ಮೀಟರಿಗೆ 10 ಯೂನಿಟ್ ವಿದ್ಯುತ್ ಕಡಿಮೆ ಬಳಸುತ್ತಿತ್ತು ಎಂದು ಉದಾರವಾಗಿ ಒಪ್ಪೋಣ. ಯೂನಿಟ್ಟಿಗೆ 0.7 ಕಿಲೋ ಇಂಗಾಲ ಎಂದರೆ ವರ್ಷಕ್ಕೆ 7 ಕಿಲೋ ಉಳಿತಾಯ. ಇತ್ತ, ಕೆಡವದೆ ಉಳಿಸಿದ 12,000 ಟನ್ನನ್ನು ಹಳೆಯ ಮತ್ತು ಹೊಸ ಭಾಗ ಸೇರಿ ಸುಮಾರು 90,000 ಚದರ ಮೀಟರಿಗೆ ಹಂಚಿದರೆ ಚದರ ಮೀಟರಿಗೆ 133 ಕಿಲೋ. 133ನ್ನು 7ರಿಂದ ಭಾಗಿಸಿ: 19 ವರ್ಷ. ಅಂದರೆ ಹೊಸ ಕಟ್ಟಡ ತನ್ನ ಹುಟ್ಟಿನ ಸಾಲ ತೀರಿಸಲು 19 ವರ್ಷ ಬೇಕಾಗುತ್ತಿತ್ತು.

ವಿದ್ಯುತ್ ಜಾಲ ಇಂದಿನಷ್ಟೇ ಕೊಳಕಾಗಿ ಉಳಿದರೆ ಮಾತ್ರ ಈ 19 ವರ್ಷ. ಸೌರ, ಗಾಳಿ ಸೇರುತ್ತ ಹೋಗಿ 25 ವರ್ಷದಲ್ಲಿ ಜಾಲದ ಇಂಗಾಲ ಒಂದೇ ಸಮನೆ ಸೊನ್ನೆಗೆ ಇಳಿಯುತ್ತದೆ ಎಂದುಕೊಳ್ಳಿ. ಆಗ ವರ್ಷದ 7 ಕಿಲೋ ಉಳಿತಾಯವೂ ಇಳಿಯುತ್ತ ಹೋಗಿ, 25 ವರ್ಷಕ್ಕೆ ಒಟ್ಟು 87.5 ಕಿಲೋಗೆ ನಿಲ್ಲುತ್ತದೆ. 133 ಎಂದಿಗೂ ತೀರುವುದಿಲ್ಲ. ಜಾಲ ಶುದ್ಧವಾದಷ್ಟೂ ಕೆಡವಿ ಕಟ್ಟುವುದರ ಪರವಾದ ವಾದ ದುರ್ಬಲವಾಗುತ್ತದೆ ಎಂಬುದನ್ನು ಈ ಕ್ಷೇತ್ರದಲ್ಲಿರುವವರೂ ಮರೆಯುವುದನ್ನು ನೋಡುತ್ತೇವೆ. ಕಟ್ಟುವ ದಿನವೇ ಹೊರಹೋದ ಇಂಗಾಲವನ್ನು ಮಾತ್ರ ಮುಂದೆ ಯಾವ ಸೌರಫಲಕವೂ ಹಿಂದಕ್ಕೆ ತರಲಾರದು.

ಈ ಸಂಖ್ಯೆ ಹೇಳದಿರುವುದು

12,000 ಟನ್ ಎಂಬುದು ಅಷ್ಟೇ ದೊಡ್ಡ ಹೊಸ ಕಟ್ಟಡದ ಜೊತೆಗಿನ ಹೋಲಿಕೆ. ಯೋಜನೆ ಹಳೆಯ 45,000 ಚದರ ಮೀಟರಿಗೆ ಹೆಚ್ಚುಕಡಿಮೆ ಅಷ್ಟೇ ಹೊಸ ಜಾಗ ಸೇರಿಸಿದೆ, ಎತ್ತರವನ್ನು 216 ಮೀಟರಿಗೆ ಏರಿಸಿದೆ. ಆ ಹೊಸ ಭಾಗಕ್ಕೆ, ಗಾಜಿನ ಗೋಡೆಗೆ ಹೋದ ಇಂಗಾಲ ನಿಜವಾಗಿಯೂ ಹೋಗಿದೆ. ಇದ್ದ ಕಟ್ಟಡವನ್ನು ಇದ್ದಷ್ಟೇ ಗಾತ್ರದಲ್ಲಿ ದುರಸ್ತಿ ಮಾಡಿದ್ದರೆ ಇಂಗಾಲ ಇನ್ನೂ ಬಹಳ ಕಡಿಮೆ ಸಾಕಿತ್ತು. ಆ ನಗರಕ್ಕೆ ಅಷ್ಟು ಕಚೇರಿ ಜಾಗ ಬೇಕಿತ್ತೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಎಂಜಿನಿಯರುಗಳ ಬಳಿ ಉತ್ತರವಿಲ್ಲ. ಬೇಕಿತ್ತು ಎಂದಾದಲ್ಲಿ, ಅದನ್ನು ಪಡೆಯಲು ಇದು ಕೆಡವಿ ಕಟ್ಟುವುದಕ್ಕಿಂತ ಖಂಡಿತ ಒಳ್ಳೆಯ ದಾರಿ.

ಎಲ್ಲ ಹಳೆಯ ಕಟ್ಟಡಕ್ಕೂ ಇದು ಹೊಂದುವುದಿಲ್ಲ. ಮಹಡಿಯಿಂದ ಮಹಡಿಗೆ ಎತ್ತರ ತೀರ ಕಡಿಮೆಯಿದ್ದು, ತೊಲೆಗಳ ಕೆಳಗೆ ಎಸಿಯ ಗಾಳಿಕೊಳವೆ ಹಾಯಿಸಲು ಜಾಗವೇ ಇಲ್ಲದಿದ್ದರೆ ಕಚೇರಿಯಾಗಿ ಉಳಿಸುವುದು ಕಷ್ಟ. ವಸತಿಯಾಗಿ ಬದಲಿಸಬಹುದೇ ನೋಡಬೇಕು. ಉಪ್ಪು ಸರಳಿನ ಆಳಕ್ಕೆ ಇಳಿದು ಎಲ್ಲೆಡೆ ತುಕ್ಕು ಶುರುವಾಗಿದ್ದರೆ ತೇಪೆ ಹಾಕಿದಷ್ಟೂ ಪಕ್ಕದಲ್ಲಿ ಒಡೆಯುತ್ತದೆ, ಏಕೆಂದರೆ ಹೊಸ ತೇಪೆಯ ಅಂಚಿನಲ್ಲೇ ತುಕ್ಕು ಬಿರುಸಾಗುತ್ತದೆ. ಭೂಕಂಪದ ನಿಯಮಕ್ಕೆ ತರಲು ಪ್ರತಿ ಕಂಬಕ್ಕೂ ಕಾಂಕ್ರೀಟಿನ ಕವಚ ತೊಡಿಸಬೇಕಾಗಿ ಬಂದರೆ, ಆ ಕವಚದ ಕಾಂಕ್ರೀಟು ಮತ್ತು ಸರಳನ್ನೂ ಮೇಲಿನಂತೆಯೇ ಚದರ ಮೀಟರಿಗೆ ಇಳಿಸಿ, ಉಳಿಯುವ 300–400 ಕಿಲೋದಲ್ಲಿ ಕಳೆಯಬೇಕು. 100 ಕಿಲೋ ಹೋದರೂ ಉಳಿಸುವುದೇ ಲೇಸು. 300 ತಲುಪಿದರೆ ಇಂಗಾಲದ ಕಾರಣ ಮುಂದಿಟ್ಟು ಆ ಕಟ್ಟಡವನ್ನು ಹಿಡಿದುಕೊಂಡಿರಲು ಆಗುವುದಿಲ್ಲ.

ಸಿಡ್ನಿಯಲ್ಲಿ ಎಲ್ಲವೂ ಕೂಡಿಬಂದದ್ದು ಆ ಕೋರ್‌ನಿಂದ. ಗಾಳಿಯ ಒತ್ತಡವನ್ನು ನೆಲಕ್ಕೆ ಮುಟ್ಟಿಸುವ ದಪ್ಪ ಗೋಡೆಗಳು ಗಟ್ಟಿಯಾಗಿದ್ದವು, ಅವುಗಳ ಶೇ. 95ನ್ನು ಕೆಡವಬೇಕಾಗಲಿಲ್ಲ. ಹಾಗಾಗಿ ಹಳೆಯ ಕಟ್ಟಡದ ಪರೀಕ್ಷೆಗೆ ಹಣ ಕಡಿಮೆಯಿದ್ದರೆ ಮೊದಲ ಮಾದರಿ ಉರುಳೆ ಕೊರೆಯಬೇಕಾದದ್ದು ಕಾಣುವ ಸ್ಲ್ಯಾಬಿನಲ್ಲಿ ಅಲ್ಲ, ಲಿಫ್ಟಿನ ಗೋಡೆಯ ಬುಡದಲ್ಲಿ ಮತ್ತು ನೆಲಮಾಳಿಗೆಯ ಕಂಬಗಳಲ್ಲಿ.